ಪರ್ಸ್ ಸಿಕ್ಕಿದೆ: ಎಷ್ಟು ಹೇಳಬೇಕು, ಎಷ್ಟು ಮುಚ್ಚಿಡಬೇಕು?

‘ಈ ಪರ್ಸ್ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕಿದೆ. ಇವರ ಪರಿಚಯ ಇದ್ದವರು ತಿಳಿಸಿ. ವಾರಸುದಾರರಿಗೆ ತಲುಪುವ ತನಕ ಶೇರ್ ಮಾಡಿ.’

ಅಪಾರ್ಟ್‌ಮೆಂಟಿನ ಗ್ರೂಪಿರಲಿ, ಊರಿನ ಗ್ರೂಪಿರಲಿ, ಇಂಥ ಸಂದೇಶ ಆಗಾಗ ಬಂದು ಬೀಳುತ್ತಲೇ ಇರುತ್ತದೆ. ಅದರ ಕೆಳಗೊಂದು ಫೋಟೊ. ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಆಧಾರ್, ಪ್ಯಾನ್, ಡಿಎಲ್, ಎಟಿಎಂ ಕಾರ್ಡು, ಪಕ್ಕದಲ್ಲಿ ನೋಟುಗಳು. ಹಾಕಿದವರ ಮನಸ್ಸು ಒಳ್ಳೆಯದೇ. ಸಿಕ್ಕಿದ್ದನ್ನು ಜೇಬಿಗಿಳಿಸದೆ ಕಳೆದುಕೊಂಡವರನ್ನು ಹುಡುಕಲು ಹೊರಟಿದ್ದಾರೆ. ಆದರೆ ಆ ಒಂದು ಫೋಟೊದಿಂದ ಎರಡು ಕೇಡು ಒಟ್ಟಿಗೇ ಆಗುತ್ತವೆ.

ಮೊದಲನೆಯದು ಎಲ್ಲರಿಗೂ ಕಾಣುವಂಥದ್ದು. ಆಧಾರ್ ಸಂಖ್ಯೆ, ಹುಟ್ಟಿದ ದಿನ, ತಂದೆ ಅಥವಾ ಗಂಡನ ಹೆಸರು, ಮನೆ ವಿಳಾಸ, ಪ್ಯಾನ್ ಸಂಖ್ಯೆ, ಬ್ಯಾಂಕ್ ಕಾರ್ಡಿನ ಅಂಕಿಗಳು ಎಲ್ಲವೂ ನೂರಾರು ಅಪರಿಚಿತರ ಫೋನಿಗೆ ಇಳಿಯುತ್ತವೆ. ಇವನ್ನು ಹಿಡಿದು ಯಾರೋ ತಕ್ಷಣ ಖಾತೆ ಖಾಲಿ ಮಾಡಿಬಿಡುತ್ತಾರೆ ಎಂದಲ್ಲ. ನಿಜವಾದ ಅಪಾಯ ಬರುವುದು ಫೋನ್ ಕರೆಯ ರೂಪದಲ್ಲಿ. ‘ನಿಮ್ಮ ಬ್ಯಾಂಕಿನಿಂದ ಮಾತಾಡ್ತಿದ್ದೀವಿ. ನಿಮ್ಮ ಹುಟ್ಟಿದ ದಿನ ಇಂಥದ್ದು, ಮನೆ ಇಂಥ ಕ್ರಾಸಿನಲ್ಲಿ, ಕಾರ್ಡಿನ ಕೊನೆಯ ಅಂಕಿ ಇಷ್ಟು. ಪರ್ಸ್ ಕಳೆದಿದೆ ಅಂತ ಕಾರ್ಡ್ ಬ್ಲಾಕ್ ಮಾಡ್ತಾ ಇದ್ದೀವಿ, ಈಗೊಂದು ಓಟಿಪಿ ಬರುತ್ತೆ ನೋಡಿ’ ಎಂದು ಯಾರಾದರೂ ಹೇಳಿದರೆ, ಪರ್ಸ್ ಕಳೆದುಕೊಂಡು ಗಾಬರಿಯಲ್ಲಿರುವ ಮನುಷ್ಯ ನಂಬದೆ ಏನು ಮಾಡಿಯಾನು?

ಎರಡನೆಯ ಕೇಡನ್ನು ಹೆಚ್ಚಿನವರು ಗಮನಿಸುವುದಿಲ್ಲ. ಪರ್ಸಿನೊಳಗೆ ಇರುವುದನ್ನೆಲ್ಲ ತೋರಿಸಿಬಿಟ್ಟ ಮೇಲೆ, ‘ಅದು ನನ್ನದೇ’ ಎಂದು ಬಂದವರನ್ನು ಪರೀಕ್ಷಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ. ಬಣ್ಣ ಕೇಳಿದರೆ ಹೇಳುತ್ತಾರೆ, ಯಾವ ಬ್ಯಾಂಕು ಎಂದರೆ ಹೇಳುತ್ತಾರೆ, ಹಣ ಎಷ್ಟಿತ್ತು ಎಂದರೂ ಹೇಳುತ್ತಾರೆ. ಎಲ್ಲ ಉತ್ತರವೂ ಫೋಟೊದಲ್ಲೇ ಇದೆಯಲ್ಲ.

ಸಿಕ್ಕ ವಸ್ತುವಿನ ಬಗೆಗಿನ ಪ್ರಕಟಣೆಗೆ ಇರುವುದು ಎರಡೇ ಕೆಲಸ. ಕಳೆದುಕೊಂಡವರ ಕಣ್ಣಿಗೆ ಬೀಳುವುದು ಒಂದು. ಬಂದವರು ನಿಜವಾದ ವಾರಸುದಾರರೇ ಎಂದು ತಿಳಿಯಲು ದಾರಿ ಉಳಿಸಿಕೊಳ್ಳುವುದು ಇನ್ನೊಂದು. ಪರ್ಸಿನ ಪ್ರತಿಯೊಂದು ವಿವರವೂ ಈ ಎರಡರಲ್ಲಿ ಒಂದು ಕೆಲಸಕ್ಕೆ ಮಾತ್ರ ಒದಗುತ್ತದೆ. ಬಹಿರಂಗವಾಗಿ ಹೇಳಿದ ವಿವರ ಹುಡುಕಲು ಆಗುತ್ತದೆ, ಮತ್ತೆ ಪರೀಕ್ಷೆಗೆ ಬರುವುದಿಲ್ಲ. ಮುಚ್ಚಿಟ್ಟದ್ದು ಮಾತ್ರ ಪರೀಕ್ಷೆಗೆ ಒದಗುತ್ತದೆ. ಬರೆಯಲು ಕೂರುವ ಮುನ್ನ ಈ ಲೆಕ್ಕ ತಲೆಯಲ್ಲಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ.

ಪ್ರಕಟಣೆಗಿಂತ ಮೊದಲು

ಗ್ರೂಪಿಗೆ ಹಾಕುವ ಮೊದಲು ಬೇರೆ ದಾರಿಗಳನ್ನು ನೋಡಬೇಕು. ಬಸ್ಸಿನಲ್ಲಿ ಸಿಕ್ಕಿದ್ದರೆ ಕಂಡಕ್ಟರಿಗೆ ಅಥವಾ ನಿಲ್ದಾಣದ ಕಂಟ್ರೋಲರಿಗೆ ಕೊಡುವುದು ಒಳ್ಳೆಯದು. ಕಳೆದುಕೊಂಡವರು ಮೊದಲು ವಿಚಾರಿಸುವುದು ಅಲ್ಲೇ. ರೈಲಿನಲ್ಲಾದರೆ ರೈಲ್ವೆ ರಕ್ಷಣಾ ದಳದವರಿದ್ದಾರೆ. ‘ಅಮಾನತ್’ ಎಂಬ ಹೆಸರಿನಲ್ಲಿ ಪ್ರಯಾಣಿಕರ ವಸ್ತುಗಳನ್ನು ಹಿಂದಿರುಗಿಸುವ ವ್ಯವಸ್ಥೆಯನ್ನೇ ಅವರು ನಡೆಸುತ್ತಾರೆ. ಆಧಾರಿನಲ್ಲಿರುವ ವಿಳಾಸ ಪಕ್ಕದ ಬಡಾವಣೆಯದಾದರೆ ಹೋಗಿ ಬಾಗಿಲು ತಟ್ಟುವುದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಬ್ಯಾಂಕ್ ಕಾರ್ಡಿದ್ದರೆ ಅದರ ಹಿಂಬದಿಯ ಗ್ರಾಹಕ ಸೇವಾ ಸಂಖ್ಯೆಗೆ ಕರೆ ಮಾಡಿ ಕಾರ್ಡ್ ಸಿಕ್ಕಿದೆ ಎಂದು ತಿಳಿಸಬಹುದು. ಬ್ಯಾಂಕಿನವರು ಗ್ರಾಹಕರ ಫೋನ್ ನಂಬರು ನಿಮಗೆ ಕೊಡುವುದಿಲ್ಲ, ಕೊಡಲೂಬಾರದು. ನಿಮ್ಮ ನಂಬರನ್ನು ಅವರಿಗೆ ತಲುಪಿಸಿ ಎಂದು ಕೇಳಿಕೊಳ್ಳಲು ಅಡ್ಡಿಯಿಲ್ಲ.

ಸಿಕ್ಕ ವಸ್ತುವಿನ ಬಗ್ಗೆ ಕಾನೂನಿಗೂ ಮಾತಿದೆ. 1872ರ ಭಾರತೀಯ ಕರಾರು ಕಾಯ್ದೆಯ 71ನೇ ಕಲಂ ಪ್ರಕಾರ, ಬೇರೆಯವರ ವಸ್ತು ಸಿಕ್ಕು ಅದನ್ನು ತನ್ನ ವಶಕ್ಕೆ ತೆಗೆದುಕೊಂಡವರಿಗೆ, ನಂಬಿ ಇಡಲು ಕೊಟ್ಟ ವಸ್ತುವನ್ನು ಕಾಯುವವರಿಗೆ ಇರುವಷ್ಟೇ ಹೊಣೆ ಇರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಇನ್ನೂ ಸ್ಪಷ್ಟ. ವಾರಸುದಾರರಿಗೆ ಮುಟ್ಟಿಸಲೆಂದು ಎತ್ತಿಟ್ಟುಕೊಂಡರೆ ಅಪರಾಧವಲ್ಲ. ಯಾರದ್ದೆಂದು ಗೊತ್ತಿದ್ದೂ, ಅಥವಾ ತಿಳಿಯುವ ದಾರಿ ಇದ್ದೂ ತನ್ನದಾಗಿಸಿಕೊಂಡರೆ ಅಪರಾಧ; ಶಿಕ್ಷೆ ಆರು ತಿಂಗಳಿಂದ ಎರಡು ವರ್ಷದವರೆಗಿನ ಜೈಲು ಮತ್ತು ದಂಡ. ಗುರುತಿನ ಚೀಟಿ ಇರುವ ಪರ್ಸಿನಲ್ಲಿ ‘ತಿಳಿಯುವ ದಾರಿ’ ಒಳಗೇ ಇದೆ. ವಾರಸುದಾರರನ್ನು ಹುಡುಕಲು ತಕ್ಕಷ್ಟು ಪ್ರಯತ್ನ ಮಾಡಬೇಕು, ತಕ್ಕಷ್ಟು ಕಾಲ ಕಾದಿಡಬೇಕು ಎಂದು ಕಾನೂನು ಬಯಸುತ್ತದೆ. ಆ ಪ್ರಯತ್ನಕ್ಕೆ ಗುರುತಿನ ಚೀಟಿಯನ್ನು ಊರಿಗೆಲ್ಲ ತೋರಿಸಬೇಕು ಎಂದು ಎಲ್ಲೂ ಹೇಳಿಲ್ಲ. ಬದಲಿಗೆ, ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದು, ಪ್ರದರ್ಶಿಸಬಾರದು ಎಂದು 2016ರ ಆಧಾರ್ ಕಾಯ್ದೆಯ 29ನೇ ಕಲಂ ನಿರ್ಬಂಧಿಸುತ್ತದೆ.

ಒಂದು ಪರ್ಸ್, ಒಂದು ಪ್ರಕಟಣೆ

ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ಶನಿವಾರ ಸಂಜೆ ಆರೂವರೆಗೆ ತುಮಕೂರಿನ ಕೆಎಸ್‌ಆರ್‌ಟಿಸಿ ನಿಲ್ದಾಣದ ಎದುರು, ಹಣ್ಣಿನ ಗಾಡಿಯ ಪಕ್ಕ ನಿಮಗೊಂದು ಪರ್ಸ್ ಸಿಕ್ಕಿತು. ಕಂದು ಬಣ್ಣದ ಚರ್ಮದ್ದು, ಒಂದು ಮೂಲೆಯಲ್ಲಿ ಹೊಲಿಗೆ ಬಿಚ್ಚಿದೆ. ಒಳಗೆ ಆಧಾರ್, ಡಿಎಲ್, ಎರಡು ಬ್ಯಾಂಕಿನ ಡೆಬಿಟ್ ಕಾರ್ಡು, 1,340 ರೂಪಾಯಿ, ಮೆಡಿಕಲ್ ಸ್ಟೋರಿನ ಒಂದು ಬಿಲ್ಲು, ಒಂದು ಸಣ್ಣ ಬೀಗದ ಕೈ. ಜೊತೆಗೆ ಶಾಲೆಯ ಸಮವಸ್ತ್ರದಲ್ಲಿರುವ ಹುಡುಗಿಯ ಪಾಸ್‌ಪೋರ್ಟ್ ಸೈಜಿನ ಫೋಟೊ. ಕಂಟ್ರೋಲರ್ ಕೊಠಡಿಯಲ್ಲಿ ವಿಚಾರಿಸಿ ನಿಮ್ಮ ನಂಬರು ಬರೆಸಿ ಬಂದಿದ್ದೀರಿ. ವಿಳಾಸ ದೂರದ ತಾಲೂಕಿನದ್ದು. ಈಗ ಗ್ರೂಪಿನಲ್ಲಿ ಹಾಕಬೇಕು.

ಏನು ಹೇಳಬಹುದು? ಊರು, ಸ್ಥಳ, ಹೊತ್ತು, ಸಿಕ್ಕ ವಸ್ತು. ಇಷ್ಟಿಲ್ಲದಿದ್ದರೆ ಕಳೆದುಕೊಂಡವರಿಗೆ ಅದು ತಮ್ಮದಿರಬಹುದು ಎಂದು ಹೊಳೆಯುವುದೇ ಇಲ್ಲ. ಆದರೆ ಸ್ಥಳ, ಹೊತ್ತನ್ನು ಅಂದಾಜಿನಲ್ಲಿ ಹೇಳಿದರೆ ಸಾಕು. ಬಣ್ಣ, ಹಣ, ಬ್ಯಾಂಕಿನ ಹೆಸರು, ಬಿಲ್ಲು, ಬೀಗದ ಕೈ, ಹುಡುಗಿಯ ಫೋಟೊ ಇವೆಲ್ಲ ಪರೀಕ್ಷೆಗೆಂದು ನಿಮ್ಮಲ್ಲೇ ಉಳಿಯಲಿ. ಪ್ರಕಟಣೆ ಹೀಗಾಗುತ್ತದೆ:

‘ಶನಿವಾರ (ದಿನಾಂಕ) ಸಂಜೆ ತುಮಕೂರು ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಗಂಡಸರ ಪರ್ಸ್ ಒಂದು ಸಿಕ್ಕಿದೆ. ಗುರುತಿನ ಚೀಟಿಯಲ್ಲಿರುವ ಹೆಸರು ‘ಮ’ ಅಕ್ಷರದಿಂದ ಶುರುವಾಗುತ್ತದೆ. ಕಳೆದುಕೊಂಡವರು ಈ ನಂಬರಿಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ, ಪರ್ಸ್ ಹೇಗಿತ್ತು, ಒಳಗೆ ಏನೇನಿತ್ತು ಎಂದು ತಿಳಿಸಿ. ದಯವಿಟ್ಟು ವಿವರಗಳನ್ನು ಗ್ರೂಪಿನಲ್ಲಿ ಬರೆಯಬೇಡಿ, ಆಧಾರ್ ಸಂಖ್ಯೆ, ಓಟಿಪಿ ಯಾವುದನ್ನೂ ಕಳಿಸಬೇಡಿ. ಸೋಮವಾರ ಸಂಜೆಯೊಳಗೆ ಯಾರೂ ಬಾರದಿದ್ದರೆ ಪರ್ಸನ್ನು ಪೊಲೀಸ್ ಠಾಣೆಗೆ ಒಪ್ಪಿಸಲಾಗುವುದು.’

ಫೋಟೊ ಇಲ್ಲ. ಪೂರ್ತಿ ಹೆಸರಿಲ್ಲ. ದಿನಾಂಕ ಮಾತ್ರ ಕಡ್ಡಾಯ. ಫಾರ್ವರ್ಡ್ ಆದ ಸಂದೇಶ ತಿಂಗಳುಗಟ್ಟಲೆ ಸುತ್ತುತ್ತದೆ; ದಿನಾಂಕವಿಲ್ಲದಿದ್ದರೆ ಪರ್ಸ್ ವಾರಸುದಾರರ ಕೈ ಸೇರಿ ಎಷ್ಟೋ ದಿನವಾದ ಮೇಲೂ ನಿಮಗೆ ಕರೆಗಳು ಬರುತ್ತಲೇ ಇರುತ್ತವೆ. ಕೊನೆಯ ಸಾಲಿನ ಗಡುವಿಗೂ ಕಾರಣವಿದೆ. ತಡವಾಗಿ ನೋಡಿದವರಿಗೆ ಠಾಣೆಯಲ್ಲಿ ವಿಚಾರಿಸಬೇಕೆಂದು ತಿಳಿಯುತ್ತದೆ. ಪರ್ಸ್ ನಿಮ್ಮಲ್ಲೇ ಕುಳಿತುಬಿಡುವುದಿಲ್ಲ ಎಂಬ ಭರವಸೆಯೂ ಸಿಗುತ್ತದೆ.

ಹೆಸರಿನ ವಿಷಯದಲ್ಲಿ ಸ್ವಲ್ಪ ವಿವೇಚನೆ ಬೇಕು. ಗುರುತಿನ ಚೀಟಿಯಲ್ಲಿ ಫೋಟೊ ಇದ್ದರೆ ಮೊದಲ ಹೆಸರನ್ನು ಹೇಳಿದರೂ ದೊಡ್ಡ ಹಾನಿಯಿಲ್ಲ, ಬಂದವರ ಮುಖವನ್ನು ಚೀಟಿಯ ಜೊತೆ ತಾಳೆ ನೋಡಬಹುದು. ಆದರೆ ತಂದೆಯ ಹೆಸರು, ಇನಿಷಿಯಲ್, ಊರು ಮೂರೂ ಸೇರಿದರೆ ಅದು ಪೂರ್ತಿ ಪರಿಚಯವಾಗಿಬಿಡುತ್ತದೆ. ಹೆಣ್ಣುಮಕ್ಕಳ ಬ್ಯಾಗ್ ಆದರೆ ಮೊದಲಕ್ಷರಕ್ಕಿಂತ ಮುಂದೆ ಹೋಗಲೇಬಾರದು. ಹೆಸರು, ಓಡಾಡುವ ಜಾಗ, ಹೊತ್ತು ಒಟ್ಟಾಗಿ ಅಪರಿಚಿತರ ಕೈಗೆ ಸಿಗುವುದು ಹಣ ಕಳೆಯುವುದಕ್ಕಿಂತ ಕೆಟ್ಟದ್ದು.

ಮಸಿ ಬಳಿದರೆ ಸಾಲದೆ?

‘ನಂಬರಿನ ಮೇಲೆ ಗೀಟು ಎಳೆದು ಹಾಕಿದ್ದೇನಲ್ಲ’ ಎನ್ನುವವರಿದ್ದಾರೆ. ಸಾಲದು. ಫೋನಿನಲ್ಲಿ ಫೋಟೊದ ಮೇಲೆ ಬರೆಯಲು ಕೊಟ್ಟಿರುವ ಪೆನ್ನುಗಳಲ್ಲಿ ಹೈಲೈಟರ್ ಬಗೆಯದು ಅರೆಪಾರದರ್ಶಕ. ನಮ್ಮ ಕಣ್ಣಿಗೆ ಕಪ್ಪಾಗಿ ಕಂಡರೂ ಚಿತ್ರದ ಬೆಳಕು ಹೆಚ್ಚಿಸಿದರೆ ಕೆಳಗಿನ ಅಂಕಿಗಳು ಮೂಡಿಬರಬಹುದು. ಕತ್ತರಿಸಿ ಹಾಕಿದ್ದೂ ಯಾವಾಗಲೂ ಪೂರ್ತಿ ಹೋಗಿರುವುದಿಲ್ಲ. ಗೂಗಲ್ ಪಿಕ್ಸೆಲ್ ಫೋನುಗಳ ಫೋಟೊ ತಿದ್ದುವ ಸೌಲಭ್ಯದಲ್ಲಿ, ಕತ್ತರಿಸಿ ತೆಗೆದ ಭಾಗವನ್ನು ಮರಳಿ ಪಡೆಯಲು ಆಸ್ಪದ ಕೊಡುವ ದೋಷವಿದ್ದುದು 2023ರಲ್ಲಿ ಬಯಲಾಯಿತು.

ಇದಕ್ಕಿಂತ ಸಾಮಾನ್ಯವಾಗಿ ಆಗುವ ಎಡವಟ್ಟು ಕ್ಯೂಆರ್ ಕೋಡಿನದು. ಆಧಾರ್ ಸಂಖ್ಯೆ, ಹೆಸರು, ವಿಳಾಸ ಮೂರನ್ನೂ ಶ್ರದ್ಧೆಯಿಂದ ಅಳಿಸಿ, ಪಕ್ಕದ ಚೌಕಾಕಾರದ ಕೋಡನ್ನು ಹಾಗೇ ಬಿಟ್ಟಿರುತ್ತಾರೆ. ಆಧಾರಿನ ಕ್ಯೂಆರ್ ಕೋಡಿನೊಳಗೆ ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೊ ಎಲ್ಲ ಅಡಕವಾಗಿರುತ್ತವೆ. ಅದನ್ನು ಓದುವ ಆ್ಯಪ್ ಯಾರಿಗೂ ಸಿಗುತ್ತದೆ. ಈಚಿನ ಪ್ಯಾನ್ ಕಾರ್ಡಿನಲ್ಲೂ ಇಂಥದೇ ಕೋಡಿದೆ.

‘ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸಿದ್ದೇನೆ’ ಎಂಬುದೂ ಉಪಯೋಗಕ್ಕಿಲ್ಲ. ಬ್ಯಾಂಕಿನವರೂ ಇತರರೂ ಗುರುತು ಖಚಿತಪಡಿಸಿಕೊಳ್ಳಲು ಎಷ್ಟೋ ಸಲ ಕೇಳುವುದು ಆ ನಾಲ್ಕು ಅಂಕಿಗಳನ್ನೇ. ಇನ್ನು ಕೆಲವು ಸಂಖ್ಯೆಗಳು ತಾವಾಗಿಯೇ ಬೇರೆ ಬಾಗಿಲು ತೆರೆಯುತ್ತವೆ. ಡಿಎಲ್ ಸಂಖ್ಯೆಯೂ ಹುಟ್ಟಿದ ದಿನವೂ ಇದ್ದರೆ ಸಾರಿಗೆ ಇಲಾಖೆಯ ಜಾಲತಾಣದಲ್ಲಿ ಲೈಸೆನ್ಸಿನ ವಿವರ ನೋಡಬಹುದು. ಮತದಾರರ ಚೀಟಿಯ ಸಂಖ್ಯೆ ಹಾಕಿದರೆ ಮತಗಟ್ಟೆಯ ಸಮೇತ ಮಾಹಿತಿ ಸಿಗುತ್ತದೆ. ಯಾವುದನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕುತ್ತ ಕೂರುವುದಕ್ಕಿಂತ ದಾಖಲೆಯ ಫೋಟೊವನ್ನೇ ಹಾಕದಿರುವುದು ಲೇಸು.

‘ಅಣ್ಣಾ, ಅದು ನಂದೇ’

ಸಂದೇಶ ಹೋದ ಮೇಲೆ ಕರೆಗಳು ಬರುತ್ತವೆ. ಇಲ್ಲಿ ಪ್ರಶ್ನೆ ಕೇಳುವ ಬಗೆಯಲ್ಲೇ ಎಲ್ಲ ಇದೆ. ‘ಕಂದು ಬಣ್ಣದ ಪರ್ಸಾ?’ ಎಂದು ಕೇಳಿದಿರೋ, ಉತ್ತರ ನೀವೇ ಕೊಟ್ಟಂತಾಯಿತು. ‘ಪರ್ಸ್ ಹೇಗಿತ್ತು ಹೇಳಿ’ ಎಂದು ಕೇಳಿ ಸುಮ್ಮನಿರಬೇಕು. ಆಧಾರ್ ಇತ್ತು, ಎಟಿಎಂ ಇತ್ತು, ಸ್ವಲ್ಪ ದುಡ್ಡಿತ್ತು ಎಂಬ ಉತ್ತರಕ್ಕೆ ಬೆಲೆಯಿಲ್ಲ, ಅದು ಯಾರ ಪರ್ಸಿಗೂ ಹೊಂದುತ್ತದೆ. ‘ಮಗಳ ಫೋಟೊ ಇತ್ತು, ಯೂನಿಫಾರ್ಮಿನಲ್ಲಿರೋದು. ಬೀರುವಿನ ಕೀ ಒಂದಿತ್ತು. ಮೂಲೇಲಿ ಹೊಲಿಗೆ ಬಿಚ್ಚಿತ್ತು’ ಎಂದು ಹೇಳಿದವರು ಬಹುಮಟ್ಟಿಗೆ ವಾರಸುದಾರರೇ.

ನಿಜವಾದ ವಾರಸುದಾರರಿಗೂ ಕೆಲವು ಸಂಗತಿ ಗೊತ್ತಿರುವುದಿಲ್ಲ ಎಂಬುದನ್ನು ಮರೆಯಬಾರದು. ಎಲ್ಲಿ ಬಿತ್ತು ಎಂದು ಗೊತ್ತಿದ್ದರೆ ಅವರೇ ಎತ್ತಿಕೊಳ್ಳುತ್ತಿದ್ದರು. ಹಣ ಎಷ್ಟಿತ್ತು ಎಂದು ರೂಪಾಯಿ ಲೆಕ್ಕದಲ್ಲಿ ಹೇಳುವವರೂ ಕಡಿಮೆ. ‘ಸಾವಿರದ ಮೇಲಿತ್ತು’ ಎಂದರೆ ಸಾಕು. ಆದ್ದರಿಂದ ಒಂದು ಪ್ರಶ್ನೆಯ ಮೇಲೆ ತೀರ್ಮಾನಿಸದೆ ನಾಲ್ಕಾರು ವಿವರಗಳಲ್ಲಿ ಹೆಚ್ಚಿನವು ಹೊಂದುತ್ತವೆಯೇ ಎಂದು ನೋಡಬೇಕು.

ಸುಳ್ಳು ಹೇಳುವವರನ್ನು ಗುರುತಿಸಲು ಒಂದು ಲಕ್ಷಣವಿದೆ. ಅವರು ಉತ್ತರ ಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ‘ಕಪ್ಪು ಪರ್ಸ್ ಅಲ್ವಾ ಸಾರ್?’ ಎನ್ನುತ್ತಾರೆ. ನೀವು ‘ಅಲ್ಲ’ ಎಂದ ತಕ್ಷಣ ‘ಅದೇ, ಕಪ್ಪು ಅಂದ್ರೆ ಒಂಥರಾ ಬ್ರೌನು’ ಎಂದು ಜಾರುತ್ತಾರೆ. ಹೀಗೆ ಒಂದೊಂದೇ ವಿವರವನ್ನು ನಿಮ್ಮ ಬಾಯಿಂದಲೇ ಹೊರಡಿಸಿ, ಇನ್ನೊಂದು ನಂಬರಿನಿಂದ ಸರಿಯಾದ ಉತ್ತರದೊಂದಿಗೆ ಮತ್ತೆ ಕರೆ ಮಾಡಬಹುದು. ಅದಕ್ಕೇ ಯಾವುದು ಸರಿ, ಯಾವುದು ತಪ್ಪು ಎಂದು ಬಿಡಿಸಿ ಹೇಳದೆ ‘ನೀವು ಹೇಳಿದ್ದು ಹೊಂದುತ್ತಿಲ್ಲ’ ಎಂದಷ್ಟೇ ಹೇಳಿ ಮುಗಿಸಬೇಕು. ಇಬ್ಬರು ಪಟ್ಟು ಹಿಡಿದರೆ ಪಂಚಾಯಿತಿ ಮಾಡಲು ಹೋಗದೆ ಠಾಣೆಗೆ ಕೊಟ್ಟುಬಿಡುವುದು ಸರಿ.

ಕೊಡುವಾಗ ಹಗಲು ಹೊತ್ತು, ಜನ ಓಡಾಡುವ ಜಾಗ ಇರಲಿ. ಪರಿಚಯದ ಅಂಗಡಿಯಾದರೂ ಸರಿ, ಪೊಲೀಸ್ ಠಾಣೆಯಾದರೂ ಸರಿ. ನಿಮ್ಮ ಮನೆ ವಿಳಾಸ ಕೊಡಬೇಕಾಗಿಲ್ಲ. ಬಂದವರ ಗುರುತಿನ ಚೀಟಿ ನಿಮ್ಮ ಕೈಲಿರುವ ಪರ್ಸಿನಲ್ಲೇ ಇದೆ, ಹಾಗಾಗಿ ಬೇರೆ ದಾಖಲೆ ತನ್ನಿ ಎಂದು ಪೀಡಿಸುವುದರಲ್ಲಿ ಅರ್ಥವಿಲ್ಲ. ಚೀಟಿಯ ಫೋಟೊಗೂ ಮುಖಕ್ಕೂ ತಾಳೆ ನೋಡಿ, ಹುಟ್ಟಿದ ದಿನ ಬಾಯಲ್ಲಿ ಹೇಳಿಸಿದರೆ ಸಾಕು. ತಮ್ಮ ಬದಲು ಮಗನನ್ನೋ ತಮ್ಮನನ್ನೋ ಕಳಿಸಿದ್ದರೆ ವಾರಸುದಾರರಿಗೆ ವಿಡಿಯೊ ಕಾಲ್ ಮಾಡಿ, ಮುಖ ನೋಡಿ, ಕೊಡಲು ಒಪ್ಪಿಗೆ ಪಡೆಯಿರಿ. ಅವರ ಎದುರಿಗೇ ಹಣ ಎಣಿಸಿ, ‘ಪರ್ಸ್, ಎರಡು ಕಾರ್ಡು, ಆಧಾರ್, ಡಿಎಲ್, 1,340 ರೂಪಾಯಿ ಮುಟ್ಟಿದೆ’ ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ‘ಇನ್ನೂ ಎರಡು ಸಾವಿರ ಇತ್ತಲ್ಲ’ ಎಂಬ ಮಾತು ನಾಳೆ ಬಂದರೆ ಆ ಚೀಟಿಯೇ ಉತ್ತರ.

ಆಮೇಲೆ ಎರಡು ಕೆಲಸ ಉಳಿಯುತ್ತವೆ. ಹಾಕಿದ ಕಡೆಯಲ್ಲೆಲ್ಲ ‘ವಾರಸುದಾರರು ಸಿಕ್ಕಿದ್ದಾರೆ, ಇನ್ನು ಹಂಚಬೇಡಿ’ ಎಂದು ತಿಳಿಸುವುದು ಒಂದು. ನಿಮ್ಮ ಗುರುತಿಗೆಂದು ದಾಖಲೆಗಳ ಫೋಟೊ ತೆಗೆದುಕೊಂಡಿದ್ದರೆ ಗ್ಯಾಲರಿಯಿಂದಲೂ, ಅದರ ಕಸದ ಬುಟ್ಟಿಯಿಂದಲೂ ಅಳಿಸುವುದು ಇನ್ನೊಂದು.

ದಾಖಲೆಗಳ ಕವರ್ ಸಿಕ್ಕಿದರೆ

ಪರ್ಸಿನಷ್ಟೇ ಸಾಮಾನ್ಯವಾಗಿ ಸಿಗುವುದು ಪ್ಲಾಸ್ಟಿಕ್ ಕವರಿನಲ್ಲಿಟ್ಟ ಕಾಗದಪತ್ರ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು, ಪಾಸ್‌ಬುಕ್ಕು. ಇಲ್ಲಿ ಹಣವಿಲ್ಲದ್ದರಿಂದ ಸುಳ್ಳು ಹೇಳಿ ಬರುವವರು ಕಡಿಮೆ. ಬಯಲಾಗುವ ಮಾಹಿತಿಯೋ ಹೆಚ್ಚು. ಅಂಕಪಟ್ಟಿಯಲ್ಲಿ ತಾಯಿಯ ಹೆಸರಿರುತ್ತದೆ, ರೇಷನ್ ಕಾರ್ಡಿನಲ್ಲಿ ಮನೆಮಂದಿಯೆಲ್ಲ ಇರುತ್ತಾರೆ, ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಖಾತೆ ಸಂಖ್ಯೆ ಇರುತ್ತದೆ. ‘ವಿದ್ಯಾರ್ಥಿಯೊಬ್ಬರ ಶಾಲಾ ದಾಖಲೆಗಳು ಸಿಕ್ಕಿವೆ, ಓದಿದ ಶಾಲೆ ಮತ್ತು ತೇರ್ಗಡೆಯಾದ ವರ್ಷ ತಿಳಿಸಿ ಪಡೆಯಿರಿ’ ಎಂದರೆ ಕೆಲಸವಾಗುತ್ತದೆ. ಇನ್ನೂ ನೇರದ ದಾರಿ, ಅಂಕಪಟ್ಟಿಯಲ್ಲಿ ಹೆಸರಿರುವ ಶಾಲೆಗೇ ಫೋನ್ ಮಾಡುವುದು. ಪಾಸ್‌ಬುಕ್ಕಾದರೆ ಆ ಶಾಖೆಗೆ ಒಪ್ಪಿಸಬಹುದು. ಪಾಸ್‌ಪೋರ್ಟ್ ಸಿಕ್ಕರೆ ಪ್ರಕಟಣೆಯ ಗೊಡವೆಯೇ ಬೇಡ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ಪೊಲೀಸ್ ಠಾಣೆಗೋ ಪಾಸ್‌ಪೋರ್ಟ್ ಕಚೇರಿಗೋ ಕೊಡಬೇಕು.

ಕಳೆದುಕೊಂಡವರಿಗೂ ಇದೇ ನಿಯಮ

ಪರ್ಸ್ ಕಳೆದಾಗ ಗಾಬರಿಯಲ್ಲಿ ಎಲ್ಲ ವಿವರವನ್ನೂ ಬರೆದುಹಾಕುವವರು ಬಹಳ: ‘ಕಂದು ಬಣ್ಣದ ಪರ್ಸ್, ಇಂಥ ಬ್ಯಾಂಕಿನ ಕಾರ್ಡು, ಮಗಳ ಫೋಟೊ ಇದೆ.’ ಇದನ್ನು ಓದಿದ ವಂಚಕ ಕರೆ ಮಾಡುತ್ತಾನೆ. ‘ನಿಮ್ಮ ಪರ್ಸ್ ಸಿಕ್ಕಿದೆ, ನಾನೀಗ ಹುಬ್ಬಳ್ಳಿಗೆ ಬಂದುಬಿಟ್ಟಿದ್ದೀನಿ, ಕೊರಿಯರ್ ಚಾರ್ಜ್ 300 ರೂಪಾಯಿ ಹಾಕಿ, ಕಳಿಸ್ತೀನಿ’ ಎನ್ನುತ್ತಾನೆ. ನೀವೇ ಬರೆದ ವಿವರಗಳನ್ನು ಒಪ್ಪಿಸಿ ನಂಬಿಸುತ್ತಾನೆ. ಕಳೆದುಕೊಂಡವರೂ ಎರಡು ಮೂರು ವಿವರ ಮುಚ್ಚಿಟ್ಟುಕೊಂಡು, ಕರೆ ಮಾಡಿದವರಿಂದ ಅವನ್ನು ಹೇಳಿಸಬೇಕು. ಹೇಳಲಾಗದವರಿಗೆ ಒಂದು ರೂಪಾಯಿಯನ್ನೂ ಕಳಿಸಬಾರದು.

ಪ್ರಕಟಣೆಗಿಂತ ಮುಂಚೆ ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಬೇಕು. ತಟ್ಟಿ ಪಾವತಿಸುವ ಸೌಲಭ್ಯವಿರುವ ಕಾರ್ಡಿನಲ್ಲಿ ಒಂದು ಸಲಕ್ಕೆ 5,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಖರ್ಚು ಮಾಡಬಹುದು. ಕರ್ನಾಟಕ ಪೊಲೀಸರ ‘ಇ-ಲಾಸ್ಟ್’ ವ್ಯವಸ್ಥೆಯಲ್ಲಿ ವಸ್ತು ಕಳೆದುದನ್ನು ಆನ್‌ಲೈನಿನಲ್ಲೇ ದಾಖಲಿಸಬಹುದು. ನಿಮ್ಮ ಹೆಸರಿನಲ್ಲಿ ಯಾರಾದರೂ ಹೊಸ ಸಿಮ್ ಪಡೆದಿದ್ದಾರೆಯೇ ಎಂದು ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ನೋಡಬಹುದು. ಹಣ ಹೋಗಿದ್ದರೆ ಕರೆ ಮಾಡಬೇಕಾದ ಸಂಖ್ಯೆ 1930.

ಮುಂದೆ ನಿಮ್ಮ ಗ್ರೂಪಿಗೆ ಯಾರದ್ದಾದರೂ ಆಧಾರ್, ಎಟಿಎಂ ಕಾರ್ಡಿನ ಫೋಟೊ ‘ಶೇರ್ ಮಾಡಿ’ ಎಂಬ ಸಾಲಿನೊಂದಿಗೆ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಹಾಕಿದವರಿಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ, ಫೋಟೊ ತೆಗೆದು ಮೇಲಿನಂತೆ ನಾಲ್ಕು ಸಾಲು ಬರೆಯಲು ಹೇಳಿ. ಅದನ್ನು ತಕ್ಷಣ ಹೇಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರ ಫೋನಿನಿಂದಲೂ ಅಳಿಸುವ ಅವಕಾಶ ಹಾಕಿದವರಿಗೆ ಇರುವುದು ಸುಮಾರು ಎರಡು ದಿನ ಮಾತ್ರ. ಅಷ್ಟರೊಳಗೆ ಬೇರೆ ಗ್ರೂಪುಗಳಿಗೆ ಹೋದ ಪ್ರತಿಗಳನ್ನು ಅವರೂ ಅಳಿಸಲಾರರು.